ಡಿಸ್ಚಾರ್ಜ್‌ಗೆ ಒಂದು ರಜೆ, ಜನನ ಪತ್ರಕ್ಕೆ ಇನ್ನೊಂದು: ನನ್ನ ಅನುಭವ

ಚೊಚ್ಚಲ ಹೆರಿಗೆ, ಹಾಗಾಗಿ ಹೆಂಡತಿ ತವರಿಗೆ ಶಿವಮೊಗ್ಗಕ್ಕೆ ಹೋಗಿದ್ದಳು. ನನ್ನ ಕೆಲಸ ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ನಮ್ಮಂಥ ಖಾಸಗಿಯವರಿಗೆ ಅಂಥ ಕಾನೂನಿಲ್ಲ, ಇರುವ ಸಿ.ಎಲ್.ನಲ್ಲೇ ಎಲ್ಲ ಆಗಬೇಕು. ಹೆರಿಗೆಯ ದಿನ ಹೋಗಿ ಮಗುವಿನ ಮುಖ ನೋಡಿಕೊಂಡು ವಾಪಸ್ ಬಂದುಬಿಟ್ಟೆ. ಸಿಸೇರಿಯನ್ ಆಗಿದ್ದರಿಂದ ಇನ್ನೂ ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕಿತ್ತು, ನೋಡಿಕೊಳ್ಳಲು ಅತ್ತೆ ಇದ್ದರು. ನನ್ನ ರಜೆ ಬೇಕಾಗಿದ್ದದ್ದು ಕಾಗದದ ಕೆಲಸಕ್ಕೆ.

ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲೇ. ನಾವು ಬೆಂಗಳೂರಲ್ಲಿದ್ದೇವೆ ಅಂತ ಇಲ್ಲಿ ಆಗಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದರೆ 21 ದಿನದೊಳಗೆ ವರದಿ ಕಳಿಸುವ ಹೊಣೆ ಆಸ್ಪತ್ರೆಯದೇ. ನಾವು ಮಾಡಬೇಕಾದದ್ದು ಫಾರಂ ಸರಿಯಾಗಿ ತುಂಬಿಸುವುದು, ಆಮೇಲೆ ಪತ್ರ ತರುವುದು. ಎರಡಕ್ಕೂ ನಡುವೆ ಸಮಯ ಬೇಕು. ಒಂದೇ ಸಲ ಎರಡು ದಿನ ರಜೆ ಹಾಕಿದ್ದರೆ ಎರಡನೇ ದಿನ ದಂಡವಾಗುತ್ತಿತ್ತು. ಬೇರೆ ಬೇರೆ ಕೇಳಿದೆ. ನಮ್ಮಲ್ಲಿ ಅರ್ಜಿ ಕನ್ನಡದಲ್ಲೇ ನಡೆಯುತ್ತೆ:

"ಮಾನ್ಯರೇ, ಗುರುವಾರ ಶಿವಮೊಗ್ಗದಲ್ಲಿ ನನ್ನ ಪತ್ನಿ ಮತ್ತು ಮಗುವಿನ ಡಿಸ್ಚಾರ್ಜ್ ಇದೆ. ಬಿಲ್, ವಿಮೆ ಮತ್ತು ಜನನ ವರದಿಯ ಫಾರಂಗೆ ನಾನೇ ಇರಬೇಕಾಗುತ್ತದೆ. ಮಗುವಿಗೆ ಕಾಮಾಲೆ ಪರೀಕ್ಷೆ ಬಾಕಿ ಇದ್ದು, ಡಿಸ್ಚಾರ್ಜ್ ಶುಕ್ರವಾರಕ್ಕೆ ಹೋಗಬಹುದು. ಬುಧವಾರ ಮಧ್ಯಾಹ್ನದೊಳಗೆ ಖಚಿತವಾಗಿ ತಿಳಿಸುತ್ತೇನೆ. ಇದಲ್ಲದೆ ಪಾಲಿಕೆಯಿಂದ ಜನನ ಪ್ರಮಾಣಪತ್ರ ಪಡೆಯಲು, ನಾಮಕರಣದ ಮರುದಿನ ಸೋಮವಾರ ಒಂದು ದಿನ ರಜೆ ಕೋರುತ್ತೇನೆ. ದಾಖಲೆಗಳ ಪ್ರತಿಯನ್ನು ಬಂದ ಮೇಲೆ ಕೊಡುತ್ತೇನೆ."

ಕಾಮಾಲೆ ವಾಕ್ಯ ಸುಮ್ಮನೆ ಹಾಕಿದ್ದಲ್ಲ. ಹುಟ್ಟಿದ ಮೊದಲ ವಾರದಲ್ಲಿ ಮಕ್ಕಳ ಮೈ ಹಳದಿಯಾಗುವುದು ಸಾಮಾನ್ಯ. ಬಿಲಿರುಬಿನ್ ಹೆಚ್ಚಿದ್ದರೆ ಬೆಳಕಿನಡಿ ಮಲಗಿಸುತ್ತಾರೆ, ಡಿಸ್ಚಾರ್ಜ್ ಮುಂದೆ ಹೋಗುತ್ತೆ. ಮೊದಲೇ ಬರೆದಿದ್ದರೆ ಆಮೇಲೆ ದಿನ ಬದಲಿಸಿ ಅಂತ ಗೋಗರೆಯಬೇಕಿಲ್ಲ.

ಸಾಹೇಬರು ಕೇಳಿದ್ದು ಒಂದೇ: "ಬಿಲ್ ಕಟ್ಟಿ ಕರ್ಕೊಂಡು ಬರೋದಲ್ವೇನಪ್ಪಾ, ಅರ್ಧ ದಿನ ಸಾಕಲ್ವಾ?"

"ಇಲ್ಲ ಸಾರ್, ಡಾಕ್ಟರ್ ರೌಂಡ್ಸ್‌ನಲ್ಲಿ ಬರೆದ ಮೇಲೇನೇ ಶುರುವಾಗೋದು" ಅಂದೆ. ಸಮ್ಮರಿ ಟೈಪ್ ಆಗಬೇಕು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಬೇಕು, ಆಮೇಲೆ ಫೈನಲ್ ಬಿಲ್, ಅದು ವಿಮೆಯವರಿಗೆ ಹೋಗಿ ಒಪ್ಪಿಗೆ ಬರಬೇಕು. ಆ ಒಪ್ಪಿಗೆ ಮೂರು ಗಂಟೆಯೊಳಗೆ ಕೊಡಬೇಕು ಅಂತ 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೇ ಹೇಳಿದೆ. ಮೂರು ಗಂಟೆ ಅಂದರೂ ಊಟದ ಹೊತ್ತು ದಾಟುತ್ತೆ. ನಾವು ಹೊರಗೆ ಬಂದಾಗ ಸಂಜೆಯಾಗಿತ್ತು.

ಆ ಕಾಯುವ ಹೊತ್ತನ್ನೇ ಜನನ ವರದಿಯ ಫಾರಂಗೆ ಬಳಸಿಕೊಂಡೆ. ನರ್ಸಿಂಗ್ ಸ್ಟೇಷನ್‌ನಲ್ಲಿ ಕೇಳಿ ಇಸಿದುಕೊಂಡೆ, ಅವರಾಗಿ ತೋರಿಸಲಿಲ್ಲ. ಹೆಂಡತಿಯ ಹೆಸರನ್ನು ತಾಯಿ ಕಾರ್ಡ್ ನೋಡಿ ಬರೆದಿದ್ದರು, ಅಲ್ಲಿ ತವರಿನ ಇನಿಷಿಯಲ್ ಇತ್ತು. ಆಧಾರ್‌ನಲ್ಲಿ ಹೆಸರಿನ ಮುಂದೆ ನನ್ನ ಹೆಸರಿದೆ. ಕಾಯಂ ವಿಳಾಸದ ಜಾಗದಲ್ಲೂ ಮಾವನ ಮನೆ. ಹೆರಿಗೆ ಸಮಯದ ವಿಳಾಸಕ್ಕೆ ಬೇರೆಯೇ ಕಾಲಂ ಇದೆ, ಮಾವನ ಮನೆ ಬರಬೇಕಾದದ್ದು ಅಲ್ಲಿ. ಇಬ್ಬರ ಆಧಾರ್ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತಿದ್ದಿಸಿ, ಸಹಿ ಹಾಕಿ, ಒಂದು ಫೋಟೊ ತೆಗೆದಿಟ್ಟುಕೊಂಡೆ. ನೋಂದಣಿಯಾದ ಮೇಲೆ ತಪ್ಪು ಕಂಡರೆ ದಾಖಲೆ ಸಮೇತ ಅರ್ಜಿ ಹಾಕಬೇಕು. ಮೂಲ ನಮೂದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆಯುತ್ತಾರೆ. ಅದಕ್ಕೆ ಮತ್ತೆ ರಜೆ, ಮತ್ತೆ ಶಿವಮೊಗ್ಗ.

ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟೆವು. ನಾಮಕರಣ ಆಗದೆ ಹೆಸರು ಬರೆಸಬಾರದು ಅಂತ ಅತ್ತೆಯ ಹಟ, ಕಾನೂನೂ ಅದಕ್ಕೆ ಅಡ್ಡಿ ಮಾಡಲ್ಲ. ಹೆಸರಿಲ್ಲದೆಯೂ ನೋಂದಣಿ ಆಗುತ್ತೆ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಎರಡನೇ ರಜೆಗೆ ಸೋಮವಾರ ಆರಿಸಿದ್ದು ಇದಕ್ಕೇ. ಭಾನುವಾರ ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಹೇಗೂ ಹೋಗಲೇಬೇಕಿತ್ತು. ಶನಿವಾರ ನಂಬಿಕೊಂಡರೆ ಎರಡನೇ, ನಾಲ್ಕನೇ ಶನಿವಾರ ಕಚೇರಿಗೆ ಬೀಗ. ಹೊರಡುವ ಮುಂಚೆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಫೋನ್ ಮಾಡಿ "ನಮ್ಮ ಮಗುವಿನ ವರದಿ ಪಾಲಿಕೆಗೆ ಹೋಯ್ತಾ ಮೇಡಂ?" ಅಂತ ಕೇಳಿಕೊಂಡೆ. ಹೋಗಿಲ್ಲದಿದ್ದರೆ ಕೌಂಟರ್‌ನಲ್ಲಿ ನಿಂತೂ ಪ್ರಯೋಜನವಿಲ್ಲ. ಪಾಲಿಕೆಯಲ್ಲಿ ಇಬ್ಬರೂ ಸಹಿ ಮಾಡಿದ ಹೆಸರು ಸೇರ್ಪಡೆ ಅರ್ಜಿ, ಆಧಾರ್ ಪ್ರತಿ, ಡಿಸ್ಚಾರ್ಜ್ ಸಮ್ಮರಿ ಕೊಟ್ಟೆ. ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ದೊಡ್ಡಕ್ಷರದಲ್ಲಿ ಬರೆದುಕೊಟ್ಟಿದ್ದೆ, ಯಾಕೆಂದರೆ ಪಾಸ್‌ಪೋರ್ಟ್‌ಗೂ ಶಾಲೆಗೂ ಇನ್ನು ಇದೇ ಆಧಾರ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಜನ್ಮದಿನದ ಪುರಾವೆ ಜನನ ಪತ್ರ ಮಾತ್ರ. ಹೆಚ್ಚುವರಿ ಪ್ರತಿಗಳನ್ನೂ ಅಲ್ಲೇ ಕೇಳಿದೆ.

ವಿಮೆಗೆ ಮಗುವನ್ನು ಸೇರಿಸಲು ಮಾತ್ರ ಈ ಪತ್ರಕ್ಕೆ ಕಾಯಲಿಲ್ಲ. ನಮ್ಮ ಕಂಪನಿಯಲ್ಲಿ ಅದಕ್ಕೆ ಗಡುವಿದೆ, ಡಿಸ್ಚಾರ್ಜ್ ಸಮ್ಮರಿ ಸಾಕು ಅಂದರು. ಆಸ್ಪತ್ರೆಯಿಂದ ಬಂದ ರಾತ್ರಿಯೇ ಎಚ್.ಆರ್.ಗೆ ಕಳಿಸಿದ್ದೆ.