ಸಭೆ ಸೇರದೆ ಇ-ಮೇಲ್‌ನಲ್ಲೇ ಠರಾವು: ದಾಖಲಿಸುವುದು ಹೇಗೆ?

ಐವರು ನಿರ್ದೇಶಕರಿರುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದುಕೊಳ್ಳಿ. ಹೊಸ ಚಾಲ್ತಿ ಖಾತೆ ತೆರೆದು, ಚೆಕ್‌ಗೆ ಸಹಿ ಹಾಕುವ ಅಧಿಕಾರವನ್ನು ಮ್ಯಾನೇಜರ್‌ಗೆ ಕೊಡಬೇಕಿದೆ. ಇದಕ್ಕೆ ಸಭೆ ಕರೆಯಲೇಬೇಕೆಂದಿಲ್ಲ. ಕಂಪನಿ ಕಾಯ್ದೆ 2013ರ 175ನೇ ಸೆಕ್ಷನ್ ಪ್ರಕಾರ ಠರಾವಿನ ಕರಡನ್ನು ಇ-ಮೇಲ್‌ನಲ್ಲಿ ಕಳಿಸಿ ಒಪ್ಪಿಗೆ ಪಡೆಯಬಹುದು. ಸಾಲ ಎತ್ತುವುದು, ವಾರ್ಷಿಕ ಲೆಕ್ಕಪತ್ರ ಅಂಗೀಕರಿಸುವುದು ಮುಂತಾದ ಕೆಲವು ವಿಷಯಗಳಿಗೆ ಮಾತ್ರ ಸಭೆಯೇ ಆಗಬೇಕು.

ಮೊದಲು ಠರಾವಿಗೆ ಒಂದು ಕ್ರಮಸಂಖ್ಯೆ ಕೊಡಿ. ಅದರ ಪೂರ್ಣ ಪಠ್ಯ, ಯಾಕೆ ಬೇಕೆಂಬ ಟಿಪ್ಪಣಿ ಮತ್ತು ಸಂಬಂಧಪಟ್ಟ ಕಾಗದಪತ್ರಗಳನ್ನು ಒಂದೇ ಮೇಲ್‌ನಲ್ಲಿ ಐವರಿಗೂ ಕಳಿಸಿ. ಕಂಪನಿಯಲ್ಲಿ ನೋಂದಾಯಿಸಿದ ವಿಳಾಸಕ್ಕೇ ಹೋಗಬೇಕು. ‘ಶುಕ್ರವಾರ ಸಂಜೆ 5ರೊಳಗೆ ಒಪ್ಪಿಗೆ ಅಥವಾ ಅಸಮ್ಮತಿ ಎಂದು ಉತ್ತರಿಸಿ’ ಎಂದು ದಿನಾಂಕದ ಸಮೇತ ಬರೆಯಿರಿ. ಎಸ್‌ಎಸ್-1 ಎಂಬ ಸೆಕ್ರೆಟರಿಯಲ್ ಮಾನದಂಡದ ಪ್ರಕಾರ ಈ ಗಡುವು ಏಳು ದಿನ ಮೀರುವಂತಿಲ್ಲ.

ಈಗ ಎಣಿಕೆ. ಸೋಮವಾರ ಮೇಲ್ ಹೋಯಿತು. ಬುಧವಾರದ ಹೊತ್ತಿಗೆ ಮೂವರು ಒಪ್ಪಿದರು. ಬಹುಮತ ಬಂತಲ್ಲ ಎಂದು ಅಂದೇ ಬ್ಯಾಂಕಿಗೆ ಹೋಗಬೇಡಿ. ಒಟ್ಟು ನಿರ್ದೇಶಕರಲ್ಲಿ ಮೂರನೇ ಒಂದರಷ್ಟು, ಅಂದರೆ ಇಲ್ಲಿ ಇಬ್ಬರು, ‘ಸಭೆಯಲ್ಲೇ ನಿರ್ಧರಿಸೋಣ’ ಎಂದರೆ ಠರಾವು ಸಭೆಗೆ ಹೋಗಬೇಕು. ಇನ್ನೂ ಉತ್ತರಿಸದವರು ಸರಿಯಾಗಿ ಇಬ್ಬರಿದ್ದಾರೆ. ಗುರುವಾರ ನಾಲ್ಕನೆಯವರು ‘ಚೆಕ್ ಮೊತ್ತಕ್ಕೆ ಮಿತಿಯಿಲ್ಲ, ನನ್ನ ಅಸಮ್ಮತಿ ಇದೆ’ ಎಂದು ಬರೆದರು, ಸಭೆ ಕೇಳಲಿಲ್ಲ. ಬಾಕಿ ಉಳಿದವರು ಒಬ್ಬರೇ. ಹಾಗಾಗಿ ಠರಾವು ಅಂಗೀಕಾರವಾದ ದಿನ ಗುರುವಾರ. ನಾಲ್ಕನೆಯವರೂ ಸುಮ್ಮನಿದ್ದಿದ್ದರೆ ಶುಕ್ರವಾರದವರೆಗೆ ಕಾಯಬೇಕಿತ್ತು. ಐದನೆಯವರ ಮೌನವನ್ನು ಒಪ್ಪಿಗೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಗಡುವು ಮುಗಿದ ಮೇಲೆ ಅವರು ಮತದಾನದಿಂದ ದೂರ ಉಳಿದರೆಂದೇ ಭಾವಿಸಬೇಕು.

ಹೆಚ್ಚಿನ ಕಡೆ ಎಡವಟ್ಟಾಗುವುದು ‘ಓಕೆ, ಆದರೆ ಮಿತಿ ಎರಡು ಲಕ್ಷ ಇರಲಿ’ ಎಂಬಂಥ ಉತ್ತರದಲ್ಲಿ. ಇದು ಷರತ್ತು, ಒಪ್ಪಿಗೆಯಲ್ಲ. ಅದನ್ನು ನೋಡಿ ಯಾರೋ ಅದೇ ಥ್ರೆಡ್‌ನಲ್ಲಿ ಪಠ್ಯ ತಿದ್ದುತ್ತಾರೆ. ಮೊದಲು ಒಪ್ಪಿದವರು ಹಳೆಯ ಪಠ್ಯಕ್ಕೆ, ಆಮೇಲೆ ಒಪ್ಪಿದವರು ಹೊಸದಕ್ಕೆ ಒಪ್ಪಿದಂತಾಗಿ, ಯಾವುದಕ್ಕೂ ಬಹುಮತ ಇರುವುದಿಲ್ಲ. ತಿದ್ದುಪಡಿ ಸರಿಯೆನಿಸಿದರೆ ಹಳೆಯದನ್ನು ಹಿಂಪಡೆದು, ಹೊಸ ಸಂಖ್ಯೆ, ಹೊಸ ಗಡುವಿನೊಂದಿಗೆ ಬೇರೆ ಮೇಲ್ ಕಳಿಸುವುದೇ ನನ್ನ ಪ್ರಕಾರ ಸುರಕ್ಷಿತ ದಾರಿ.

ಅಂಗೀಕಾರವಾದ ಮೇಲೆ ಫಲಿತಾಂಶವನ್ನು ಎಲ್ಲರಿಗೂ ತಿಳಿಸಿ, ಉತ್ತರಗಳು ಬಂದ ದಿನಾಂಕ, ವೇಳೆ ಕಾಣುವಂತೆ ಇಡೀ ಥ್ರೆಡ್ಡನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಮುಂದಿನ ಸಭೆಯ ನಡಾವಳಿಯಲ್ಲಿ ಠರಾವಿನ ಪಠ್ಯವನ್ನೂ ಅಸಮ್ಮತಿಯನ್ನೂ ಸೇರಿಸುವುದು ಕಡ್ಡಾಯ. ನಮೂದು ಹೀಗಿರಬಹುದು: ‘ಸುತ್ತೋಲೆ ಠರಾವು ಸಂಖ್ಯೆ 3 ಗುರುವಾರ (ದಿನಾಂಕ) ಅಂಗೀಕಾರವಾಗಿದ್ದನ್ನು ಮಂಡಳಿ ಗಮನಿಸಿತು. ಒಪ್ಪಿಗೆ ಮೂವರದು. ಚೆಕ್ ಮೊತ್ತಕ್ಕೆ ಮಿತಿ ಇಲ್ಲವೆಂಬ ಕಾರಣಕ್ಕೆ ಒಬ್ಬರ ಅಸಮ್ಮತಿ. ಒಬ್ಬರು ಉತ್ತರಿಸಿಲ್ಲ.’ ಪ್ರತಿಯೊಂದರ ಮುಂದೆ ನಿರ್ದೇಶಕರ ಹೆಸರನ್ನೂ ಬರೆಯಿರಿ.