ದಸರಾ ಸೇಲ್ ಪೋಸ್ಟ್ ಬರೆಯೋದು ಹೇಗೆ: ಬಿಲ್ ಪುಸ್ತಕ ತೆಗೆದು ಶುರು ಮಾಡಿ

ಮಂಡ್ಯದ ಪೇಟೆ ಬೀದಿಯಲ್ಲಿ ನಿಮ್ಮದೊಂದು ಬಟ್ಟೆ ಅಂಗಡಿ ಇದೆ ಅಂದುಕೊಳ್ಳಿ. ಕಾಟನ್ ಸೀರೆಯ ಚೀಟಿಯಲ್ಲಿ ಎಂ.ಆರ್.ಪಿ. 1600 ರೂಪಾಯಿ. ಆದರೆ ವರಮಹಾಲಕ್ಷ್ಮಿ ಹಬ್ಬದಿಂದಲೂ ನೀವು ಅದನ್ನು ಮಾರಿದ್ದು 1200ಕ್ಕೆ. ಈಗ ದಸರಾಕ್ಕೆ 960ಕ್ಕೆ ಕೊಡುತ್ತೀರಿ. ಪೋಸ್ಟ್‌ನಲ್ಲಿ ಏನು ಬರೆಯುತ್ತೀರಿ?

1600 ಹಿಡಿದರೆ ಶೇ 40 ರಿಯಾಯಿತಿ, 1200 ಹಿಡಿದರೆ ಶೇ 20. ಬರೆಯಬೇಕಾದ್ದು 20. ಎಂ.ಆರ್.ಪಿ. ಅಂದರೆ ಇದಕ್ಕಿಂತ ಜಾಸ್ತಿ ತಗೋಬಾರದು ಅನ್ನುವ ಮಿತಿ ಅಷ್ಟೇ, ನಿಮ್ಮ ಅಂಗಡಿಯ ಹಳೇ ಬೆಲೆ ಅಲ್ಲ. ಹೋದ ತಿಂಗಳು 1200 ಕೊಟ್ಟು ಒಯ್ದ ಅಕ್ಕ ಪೋಸ್ಟ್ ನೋಡಿದ ತಕ್ಷಣ ಲೆಕ್ಕ ಹಾಕುತ್ತಾರೆ. ವಸ್ತು ಸಾಮಾನ್ಯವಾಗಿ ಯಾವ ಬೆಲೆಗೆ ಮಾರಾಟವಾಗುತ್ತಿತ್ತು ಅನ್ನುವ ವಿಷಯದಲ್ಲಿ ಜನರ ದಾರಿ ತಪ್ಪಿಸುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆಯೂ ಅನುಚಿತ ವ್ಯಾಪಾರ ಅಂತಲೇ ಕರೆಯುತ್ತದೆ. ಹಾಗಾಗಿ ಮೊದಲ ಕೆಲಸ, ಕಳೆದ ಎರಡು ತಿಂಗಳ ಬಿಲ್ ತೆಗೆದು ನಿಜವಾಗಿ ಮಾರಿದ ಬೆಲೆ ಬರೆದುಕೊಳ್ಳಿ.

ಆಮೇಲೆ ಕೊನೆಯ ದಿನ. ‘ದಸರಾ ಮುಗಿಯುವವರೆಗೆ’ ಅಂತ ಬರೆಯಬೇಡಿ. ಒಬ್ಬರು ಆಯುಧಪೂಜೆಗೆ ಮುಗೀತು ಅಂದುಕೊಂಡರೆ ಇನ್ನೊಬ್ಬರು ಜಂಬೂಸವಾರಿ ಮಾರನೇ ದಿನ ಬಂದು ನಿಲ್ಲುತ್ತಾರೆ. ತಾರೀಖು, ವಾರ, ಗಂಟೆ ಮೂರೂ ಇರಲಿ. ಇಪ್ಪತ್ತೇ ಸೀರೆ ಇದ್ದರೆ ಇಪ್ಪತ್ತು ಅಂತಲೇ ಹಾಕಿ.

ಜಗಳ ಜಾಸ್ತಿ ಬರುವುದು ಕೊಂಡ ಬಟ್ಟೆ ಬದಲಿಸಿಕೊಡುವುದರಲ್ಲಿ. ಹಳ್ಳಿಯಿಂದ ಬರುವವರು ಮಕ್ಕಳ ಬಟ್ಟೆಯನ್ನು ಕಣ್ಣಂದಾಜಿನಲ್ಲೇ ಒಯ್ಯುತ್ತಾರೆ, ಮತ್ತೆ ಪೇಟೆಗೆ ಬರುವುದು ಮುಂದಿನ ವಾರ, ಅಲ್ವಾ? ಮೂರು ದಿನ ಕೊಟ್ಟರೆ ಕೊಟ್ಟಂತೆಯೇ ಅಲ್ಲ. ಹತ್ತು ದಿನ ಕೊಡಿ. ಸೇಲ್ ಮುಗಿದ ಮೇಲೆ ಬದಲಿಸಲು ಬಂದರೆ ಯಾವ ಬೆಲೆ ಅನ್ನುವುದನ್ನೂ ಈಗಲೇ ಬರೆಯಿರಿ, ಇದನ್ನು ತುಂಬಾ ಜನ ಮರೆಯುತ್ತಾರೆ.

ಇಷ್ಟು ಸೇರಿದರೆ ಪೋಸ್ಟ್ ಹೀಗಾಗುತ್ತದೆ:

“ಕಾಟನ್ ಸೀರೆ. ಇಲ್ಲಿಯವರೆಗೆ ನಮ್ಮಲ್ಲಿ ₹1200, ಈಗ ₹960, ಜಿ.ಎಸ್.ಟಿ. ಸೇರಿ. 20 ಸೀರೆ ಮಾತ್ರ. ಅಕ್ಟೋಬರ್ 18, ಭಾನುವಾರ ರಾತ್ರಿ 8:30ರವರೆಗೆ. ಕೊಂಡ 10 ದಿನದೊಳಗೆ ಬಿಲ್, ಚೀಟಿ ಸಮೇತ ತಂದರೆ ಬದಲಿಸಿಕೊಡುತ್ತೇವೆ, ಹಣ ವಾಪಸ್ ಇಲ್ಲ. ಅದೇ ಬಗೆಯ ಬೇರೆ ಬಣ್ಣಕ್ಕೆ ಸೇಲ್ ಮುಗಿದ ಮೇಲೂ ಹೆಚ್ಚು ಹಣ ಬೇಡ. ಒಗೆದ, ಫಾಲ್ ಹಾಕಿಸಿದ, ರವಿಕೆ ಕತ್ತರಿಸಿದ ಸೀರೆ ಬದಲಿಸುವುದಿಲ್ಲ. ನೇಯ್ಗೆ ದೋಷ ಇದ್ದರೆ ಈ ಷರತ್ತುಗಳಿಲ್ಲ, ಸೀರೆ ವಾಪಸ್ ತಗೊಂಡು ಹಣ ಕೊಡುತ್ತೇವೆ.”

ಕೊನೆಯ ಸಾಲನ್ನು ಬಿಡಬೇಡಿ. ‘ಮಾರಿದ ಮಾಲು ವಾಪಸಿಲ್ಲ’ ಅಂತ ಬೋರ್ಡ್ ಹಾಕಿದರೂ ದೋಷದ ಮಾಲನ್ನು ನಿರಾಕರಿಸುವ ಹಾಗಿಲ್ಲ. ದೋಷದ ಮಾಲು ವಾಪಸ್ ತಗೊಳ್ಳುವ ಅವಧಿಯನ್ನು ಬಿಲ್‌ನಲ್ಲಿ ಬರೆದಿಲ್ಲದಿದ್ದರೆ ಕಾಯ್ದೆ ಪ್ರಕಾರ ಅದು 30 ದಿನ. ಇದೇ ಷರತ್ತುಗಳ ರಬ್ಬರ್ ಸ್ಟಾಂಪ್ ಮಾಡಿಸಿ ಪ್ರತಿ ಬಿಲ್‌ಗೂ ಒತ್ತಿ. ಭಾನುವಾರ ರಾತ್ರಿ ಬಾಗಿಲು ಹಾಕುವ ಮುಂಚೆ ಪೋಸ್ಟ್ ತೆರೆದು ಮೇಲ್ಗಡೆ ‘ಸೇಲ್ ಮುಗಿದಿದೆ’ ಅಂತ ಸೇರಿಸಿ, ಅಳಿಸಬೇಡಿ, ಬದಲಿಸಲು ಬರುವವರು ಅದನ್ನೇ ತೋರಿಸುತ್ತಾರೆ.