ಸಿಐಇ ಕೈಯಲ್ಲಿದೆ, ಪೇಪರಿನಲ್ಲಿ ಎಷ್ಟು ಬೇಕು? ವಿಟಿಯು ಗ್ರೇಡಿಗೆ ನಾನು ಹಾಕುವ ಲೆಕ್ಕ

ಸೆಮಿಸ್ಟರ್ ಕೊನೆಗೆ ಬಂತೆಂದರೆ ಬೆಳಗಾವಿಯ ಕಾಲೇಜುಗಳಲ್ಲಿ ಒಂದೇ ಪ್ರಶ್ನೆ: "ಸರ್, ನನಗ 38 ಇಂಟರ್ನಲ್ ಬಂದಾವ್ರಿ. ಎ ಪ್ಲಸ್ ಆಗಬೇಕಂದ್ರ ಪೇಪರ್‌ನ್ಯಾಗ ಎಷ್ಟು ತಗೋಬೇಕ್ರಿ?" ಉತ್ತರ ಅರ್ಧ ನಿಮಿಷದ್ದು. ಆದರೆ ಆ ಅರ್ಧ ನಿಮಿಷದ ಲೆಕ್ಕದಲ್ಲಿ ಹುಡುಗರು ಎಡವುವ ಜಾಗ ಎರಡು ಮೂರಿವೆ. ಬಂದ ಸಂಖ್ಯೆಯನ್ನು ಓದಿನ ಯೋಜನೆಯಾಗಿ ಮಾಡಿಕೊಳ್ಳುವುದಂತೂ ಬೇರೆಯದೇ ಕೆಲಸ. ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ನಾನು ಈ ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಹಿಡಿದಿರುವುದು ವಿಟಿಯುವಿನ 2022ರ ಸ್ಕೀಮಿನ ಥಿಯರಿ ವಿಷಯಗಳನ್ನು.

ಮೊದಲು ಚೌಕಟ್ಟು. ಒಂದು ವಿಷಯಕ್ಕೆ ಒಟ್ಟು 100 ಅಂಕ. ಅದರಲ್ಲಿ 50 ಸಿಐಇ, ಅಂದರೆ ಸೆಮಿಸ್ಟರ್ ಉದ್ದಕ್ಕೂ ಕಾಲೇಜಿನಲ್ಲೇ ಕೊಡುವ ಇಂಟರ್ನಲ್ ಅಂಕ. ಉಳಿದ 50 ಎಸ್‌ಇಇ, ಅಂದರೆ ಕೊನೆಯ ಪರೀಕ್ಷೆ. ಪ್ರಶ್ನೆಪತ್ರಿಕೆ ಮಾತ್ರ 100 ಅಂಕದ್ದು, ಬಂದ ಅಂಕವನ್ನು ಅರ್ಧಕ್ಕೆ ಇಳಿಸಿ 50ರಲ್ಲಿ ಬರೆಯುತ್ತಾರೆ. ಒಟ್ಟು 90 ಮುಟ್ಟಿದರೆ ಓ, 80 ಮುಟ್ಟಿದರೆ ಎ ಪ್ಲಸ್, 70ಕ್ಕೆ ಎ, 60ಕ್ಕೆ ಬಿ ಪ್ಲಸ್, 55ಕ್ಕೆ ಬಿ, 50ಕ್ಕೆ ಸಿ, 40ಕ್ಕೆ ಪಿ. ಇವುಗಳ ಗ್ರೇಡ್ ಪಾಯಿಂಟು ಕ್ರಮವಾಗಿ 10, 9, 8, 7, 6, 5, 4.

ಹಾಗಾಗಿ ಸೂತ್ರ ಇಷ್ಟೇ:

ಪೇಪರಿನಲ್ಲಿ ಬೇಕಾದ ಅಂಕ = 2 × (ಗುರಿಯ ಒಟ್ಟು ಅಂಕ − ಸಿಐಇ)

38 ಇಂಟರ್ನಲ್ ಇದ್ದವರಿಗೆ ಎ ಪ್ಲಸ್ ಬೇಕೆಂದರೆ 80ರಲ್ಲಿ 38 ಕಳೆದು 42, ಅದರ ಎರಡು ಪಟ್ಟು 84. ಎ ಸಾಕೆಂದರೆ 64. ಬಿ ಪ್ಲಸ್‌ಗೆ 44. ಓ ಕೇಳಿದರೆ 104 ಬರುತ್ತದೆ, ಅಂದರೆ ಪೇಪರು ತುಂಬ ಬರೆದರೂ ಓ ಇಲ್ಲ. ಸಿಐಇ 40ಕ್ಕಿಂತ ಕಡಿಮೆ ಇರುವ ಯಾವ ವಿಷಯದಲ್ಲೂ ಓ ಸಿಗುವುದಿಲ್ಲ. ಸಿಐಇ ಸರಿಯಾಗಿ 40 ಇದ್ದರೆ ಪೇಪರಿನಲ್ಲಿ ನೂರಕ್ಕೆ ನೂರು ಬರಬೇಕು. ಓ ಮೇಲೆ ನಿಜವಾಗಿ ಕಣ್ಣಿಟ್ಟವರಿಗೆ ಸಿಐಇ 46, 47 ಇರಬೇಕೆಂದು ನಾನು ಸೆಮಿಸ್ಟರ್ ಶುರುವಿನಲ್ಲೇ ಹೇಳಿಬಿಡುತ್ತೇನೆ. 47 ಇದ್ದರೆ ಪೇಪರಿನಲ್ಲಿ 86 ಸಾಕು.

ಎರಡರಿಂದ ಗುಣಿಸುವುದನ್ನು ಮರೆಯುವುದೇ ಹೆಚ್ಚಾಗಿ ಆಗುವ ತಪ್ಪು. "ಇನ್ನ 32 ಬೇಕ್ರಿ" ಎಂದು ಹೇಳಿ ಹಗುರಾಗಿ ಹೋಗುವ ಹುಡುಗನಿಗೆ ಬೇಕಾದದ್ದು ಪೇಪರಿನ 64. ಇದೇ ಮಾತನ್ನು ತಿರುಗಿಸಿ ನೋಡಿದರೆ, ಇಂಟರ್ನಲ್‌ನ ಒಂದು ಅಂಕ ಪೇಪರಿನ ಎರಡು ಅಂಕಕ್ಕೆ ಸಮ. ಕೊನೆಯ ಅಸೈನ್ಮೆಂಟಿನಲ್ಲಿ ಮೂರು ಅಂಕ ಬಿಟ್ಟರೆ ಪರೀಕ್ಷೆಯಲ್ಲಿ ಆರು ಅಂಕದ ಒಂದು ಉಪಪ್ರಶ್ನೆ ಬಿಟ್ಟಂತೆಯೇ.

ಸಿಐಇ ಎಂದು ಯಾವ ಸಂಖ್ಯೆ ಹಿಡಿಯಬೇಕು ಎನ್ನುವುದೂ ಮುಖ್ಯ. ಟೆಸ್ಟಿನ ಪೇಪರಿನ ಮೇಲೆ ಕಂಡ ಅಂಕವಲ್ಲ, ಟೆಸ್ಟು ಮತ್ತು ಅಸೈನ್ಮೆಂಟು ಎಲ್ಲ ಸೇರಿಸಿ 50ಕ್ಕೆ ಇಳಿಸಿ ವಿಭಾಗದವರು ಅಂತಿಮ ಮಾಡಿದ ಅಂಕ. ಅದಕ್ಕೆ ಸಹಿ ಹಾಕಿಸಿಕೊಳ್ಳುವಾಗಲೇ ಬರೆದಿಟ್ಟುಕೊಳ್ಳಿ. ಅರ್ಧ ಅಂಕದ ವ್ಯತ್ಯಾಸ ಅಲ್ಲಿಯೇ ತೀರ್ಮಾನ ಆಗಿರುತ್ತದೆ.

ಪಾಸಾಗುವ ಲೆಕ್ಕದಲ್ಲಿ ಒಂದಲ್ಲ, ಮೂರು ಗೆರೆಗಳಿವೆ. ಸಿಐಇಯಲ್ಲಿ ಕನಿಷ್ಠ 20 ಇರಬೇಕು, ಎಸ್‌ಇಇಯಲ್ಲಿ ಕನಿಷ್ಠ 18 ಇರಬೇಕು, ಎರಡೂ ಸೇರಿ 40 ಆಗಬೇಕು. 20 ಮತ್ತು 18 ಕೂಡಿದರೆ 38 ಮಾತ್ರ. ಸಿಐಇ 20 ಇದ್ದವನು "35 ಬಂದ್ರ ಪಾಸ್" ಎಂದು ನಂಬಿ ಕೂತರೆ ಬ್ಯಾಕ್ ಉಳಿಯುತ್ತದೆ; ಅವನಿಗೆ ಪೇಪರಿನಲ್ಲಿ 40 ಬೇಕು. ಸಿಐಇ 21 ಇದ್ದರೆ 38. ಸಿಐಇ 22 ಆದಮೇಲೆ ಮಾತ್ರ ಒಟ್ಟು 40ರ ಗೆರೆ ತಾನಾಗಿ ದಾಟುತ್ತದೆ, ಎಸ್‌ಇಇಯ 18 ಒಂದೇ ಅಡ್ಡಿಯಾಗಿ ಉಳಿಯುತ್ತದೆ. ನಿಯಮದಲ್ಲಿ ಎಸ್‌ಇಇಗೆ ಶೇ. 35 ಎಂದು ಬರೆದು, 50ಕ್ಕೆ 18 ಎಂದು ಕೊಟ್ಟಿದ್ದಾರೆ. 35ರ ಅರ್ಧ ಹದಿನೇಳೂವರೆ, ಅದು ಮೇಲಕ್ಕೆ ಹೋಗಿದೆ. ಆ ಅರ್ಧ ಅಂಕವನ್ನು ಗುರಿಯ ಲೆಕ್ಕದಲ್ಲಿ ನಾನು ನಂಬಿಕೊಳ್ಳುವುದಿಲ್ಲ, 36 ಎಂದೇ ಹಿಡಿಯುತ್ತೇನೆ.

ಸಿಐಇ ಹೆಚ್ಚಿದ್ದವರಿಗೆ ಈ 18ರ ಗೆರೆ ಇನ್ನೊಂದು ವಿಚಿತ್ರ ತೋರಿಸುತ್ತದೆ. 38 ಇರುವ ಹುಡುಗ ಬಿ ಗ್ರೇಡಿಗೆ ಎಷ್ಟು ಬೇಕೆಂದು ಸೂತ್ರಕ್ಕೆ ಹಾಕಿದರೆ 34 ಬರುತ್ತದೆ. ಆದರೆ 34 ಬಂದರೆ ಅವನು ಫೇಲು. ಪಾಸಾಗುವಷ್ಟು ಬರೆದರೆ 38ಕ್ಕೆ 18 ಕೂಡಿ 56, ಬಿ ಬಂದೇ ಬಿಡುತ್ತದೆ. ಅವನ ಪಾಲಿಗೆ ಸಿ, ಪಿ ಎಂಬ ಗ್ರೇಡುಗಳೇ ಇಲ್ಲ.

ಲ್ಯಾಬ್ ಸೇರಿದ ವಿಷಯಗಳಲ್ಲಿ, ಐಪಿಸಿಸಿ ಎನ್ನುತ್ತಾರಲ್ಲ, ಸಿಐಇಯ 50ರಲ್ಲಿ ಥಿಯರಿಗೆ 25, ಲ್ಯಾಬಿಗೆ 25. ಎರಡರಲ್ಲೂ ಪ್ರತ್ಯೇಕವಾಗಿ 10 ಬರಬೇಕು. ಲ್ಯಾಬಿನಲ್ಲಿ 23, ಥಿಯರಿಯಲ್ಲಿ 8 ಬಂದು ಒಟ್ಟು 31 ಆದರೂ ಪರೀಕ್ಷೆಗೆ ಕೂರುವ ಅರ್ಹತೆ ಇಲ್ಲ.

ಹಾಳೆಯಲ್ಲಿ ಇಟ್ಟುಕೊಳ್ಳಬೇಕೆಂದವರಿಗೆ ಸ್ಪ್ರೆಡ್‌ಶೀಟಿನ ಸೂತ್ರ. A2ರಲ್ಲಿ ಸಿಐಇ, B2ರಲ್ಲಿ ಗುರಿಯ ಒಟ್ಟು ಅಂಕ:

```
=IF(A2<20,"ಅರ್ಹತೆ ಇಲ್ಲ",IF(2*(B2-A2)>100,"ಸಿಗದು",MAX(36,2*(B2-A2))))
```

ಈಗ 64 ಎಂಬ ಸಂಖ್ಯೆ ಬಂತು. ಅದನ್ನು ಪ್ರಶ್ನೆಪತ್ರಿಕೆಯ ಮೇಲೆ ಹರಡಬೇಕು. ಪತ್ರಿಕೆಯಲ್ಲಿ ಐದು ಮಾಡ್ಯೂಲು, ಒಂದೊಂದರಿಂದ 20 ಅಂಕದ ಎರಡು ಪೂರ್ಣ ಪ್ರಶ್ನೆ, ಅವುಗಳಲ್ಲಿ ಒಂದನ್ನು ಆರಿಸಿ ಬರೆಯಬೇಕು. ಬಿ ಪ್ಲಸ್‌ನಿಂದ ಎ, ಎಯಿಂದ ಎ ಪ್ಲಸ್, ಅಲ್ಲಿಂದ ಓ, ಹೀಗೆ ಒಂದೊಂದು ಮೆಟ್ಟಿಲಿಗೂ ಒಟ್ಟು ಅಂಕದಲ್ಲಿ 10, ಪೇಪರಿನಲ್ಲಿ 20 ಬೇಕು. ಅಂದರೆ ಮೇಲಿನ ಗ್ರೇಡುಗಳಲ್ಲಿ ಒಂದು ಮೆಟ್ಟಿಲಿನ ಬೆಲೆ ಒಂದು ಇಡೀ ಮಾಡ್ಯೂಲು. ಸಿಯಿಂದ ಬಿ, ಬಿಯಿಂದ ಬಿ ಪ್ಲಸ್‌ಗೆ ಮಾತ್ರ ಅರ್ಧ ಮಾಡ್ಯೂಲು ಸಾಕು.

ಒಂದು ಮಾಡ್ಯೂಲನ್ನು ಪೂರ್ತಿ ಬಿಟ್ಟು ನಾಲ್ಕನ್ನೇ ಓದುತ್ತೇನೆ ಎನ್ನುವವರು ಬಹಳ. ಆಗ ಬರೆಯುವುದೇ 80ಕ್ಕೆ. 64 ಬೇಕೆಂದರೆ ಬರೆದದ್ದರಲ್ಲಿ ಶೇ. 80 ಬರಬೇಕು, ಮಾಡ್ಯೂಲಿಗೆ ಸರಾಸರಿ 16. ಐದನ್ನೂ ಮುಟ್ಟಿದರೆ ಮಾಡ್ಯೂಲಿಗೆ ಸುಮಾರು 13 ಸಾಕು. ಬಿಟ್ಟ ಮಾಡ್ಯೂಲಿನಿಂದ ಒಂದು ವ್ಯಾಖ್ಯೆ, ಒಂದು ಚಿತ್ರ ಬರೆದು 6 ಅಂಕ ತಂದರೂ ಉಳಿದ ನಾಲ್ಕರ ಮೇಲಿನ ಭಾರ 16ರಿಂದ 14.5ಕ್ಕೆ ಇಳಿಯುತ್ತದೆ. ಎ ಪ್ಲಸ್‌ಗೆ 84 ಬೇಕಾದವರಿಗಂತೂ ಮಾಡ್ಯೂಲು ಬಿಡುವ ಮಾತೇ ಇಲ್ಲ, 80ಕ್ಕಿಂತ ಮೇಲೆ ಹೋಗಲು ದಾರಿಯಿಲ್ಲ. ಇನ್ನೊಂದು ಗೊಂದಲ: ಒಂದೇ ಮಾಡ್ಯೂಲಿನ ಎರಡೂ ಪ್ರಶ್ನೆ ಬರೆದರೆ ಅಂಕ ಕೂಡುವುದಿಲ್ಲ. ಒಂದರ ಎ ಭಾಗ, ಇನ್ನೊಂದರ ಬಿ ಭಾಗ ಜೋಡಿಸಿದರೂ ಒಂದು ಪ್ರಶ್ನೆ ಆಗುವುದಿಲ್ಲ. ಯೋಜನೆ ಮಾಡುವಾಗ ಮಾಡ್ಯೂಲಿಗೆ 20ಕ್ಕಿಂತ ಹೆಚ್ಚು ಬರೆದುಕೊಳ್ಳಬೇಡಿ.

ಒಂದೇ ವಿಷಯದ ಲೆಕ್ಕ ಇಲ್ಲಿಗೆ ಮುಗಿಯಿತು. ನಿಜವಾದ ಉಪಯೋಗ ಎಲ್ಲ ವಿಷಯಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಸಿಗುತ್ತದೆ, ಏಕೆಂದರೆ ಎಸ್‌ಜಿಪಿಎಗೆ ಅಂಕ ಲೆಕ್ಕಕ್ಕಿಲ್ಲ, ಗ್ರೇಡ್ ಪಾಯಿಂಟಿಗೆ ಕ್ರೆಡಿಟ್ ಗುಣಿಸಿ ಕೂಡಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸುತ್ತಾರೆ. 70 ಬಂದವನಿಗೂ 79 ಬಂದವನಿಗೂ 8 ಪಾಯಿಂಟೇ. ಆದ್ದರಿಂದ ಪರೀಕ್ಷೆಗೆ ಮುಂಚಿನ ದಿನಗಳನ್ನು ಯಾವ ವಿಷಯಕ್ಕೆ ಸುರಿಯಬೇಕು ಎಂದು ತಿಳಿಯಲು ಮೊದಲು ಒಂದು ಅಂದಾಜು ಬೇಕು: ಈಗಿರುವ ತಯಾರಿಯಲ್ಲಿ ಪೇಪರಿಗೆ ಎಷ್ಟು ಬರಬಹುದು? ಇದಕ್ಕೆ ಸಿಐಇ ನೋಡಬೇಡಿ, ಅದರಲ್ಲಿ ಅಸೈನ್ಮೆಂಟಿನ ಅಂಕ ಸೇರಿ ಉಬ್ಬಿರುತ್ತದೆ. ಎರಡು ಟೆಸ್ಟುಗಳ ಶೇಕಡಾವಾರು ತೆಗೆದು, ಅದರಿಂದ 10 ಕಳೆಯುತ್ತೇನೆ. ಟೆಸ್ಟಿನಲ್ಲಿ ಪಾಠದ ಒಂದು ಭಾಗವನ್ನಷ್ಟೇ ಕೇಳಿರುತ್ತಾರೆ, ಪರೀಕ್ಷೆಯಲ್ಲಿ ಐದೂ ಮಾಡ್ಯೂಲು ಒಟ್ಟಿಗೆ ಎದುರಾಗುತ್ತವೆ.

20 ಕ್ರೆಡಿಟ್ಟಿನ ಒಂದು ಸೆಮಿಸ್ಟರಿನಲ್ಲಿ ಮೂರು ವಿಷಯ ತೆಗೆದುಕೊಳ್ಳಿ. ಗಣಿತ 4 ಕ್ರೆಡಿಟ್, ಸಿಐಇ 37, ಅಂದಾಜು 60. ಎ ಗ್ರೇಡಿಗೆ ಬೇಕಾದದ್ದು 66, ಅಂದರೆ ಇನ್ನು 6 ಅಂಕ. ಎರಡನೆಯದು 3 ಕ್ರೆಡಿಟ್, ಸಿಐಇ 44, ಅಂದಾಜು 64. ಎ ಪ್ಲಸ್‌ಗೆ 72 ಬೇಕು, ಕೊರತೆ 8. ಮೂರನೆಯದೂ 3 ಕ್ರೆಡಿಟ್, ಸಿಐಇ 42, ಅಂದಾಜು 60. ಎ ಪ್ಲಸ್‌ಗೆ 76 ಬೇಕು, ಕೊರತೆ 16.

ಗಣಿತದಲ್ಲಿ ಒಂದು ಮೆಟ್ಟಿಲು ಹತ್ತಿದರೆ 4 ಭಾಗಿಸು 20, ಎಸ್‌ಜಿಪಿಎ 0.20 ಏರುತ್ತದೆ. 3 ಕ್ರೆಡಿಟ್ಟಿನ ವಿಷಯದಲ್ಲಿ 0.15. ಮೊದಲೆರಡು ವಿಷಯಗಳಲ್ಲಿ ಒಟ್ಟು 14 ಅಂಕ ಹೆಚ್ಚು ತಂದರೆ 0.35 ಸಿಗುತ್ತದೆ, ಮೂರನೆಯದರಲ್ಲಿ ಒಂದಕ್ಕೇ 16 ಅಂಕ ದುಡಿದರೂ 0.15. ಹುಡುಗರು ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ. ಇಷ್ಟವಾದ ವಿಷಯ ಎಂದು ಮೂರನೆಯದನ್ನೇ ಓದುತ್ತ ಕೂತು, ಒಟ್ಟು 72 ಇದ್ದದ್ದನ್ನು 77 ಮಾಡಿಕೊಂಡು ಬರುತ್ತಾರೆ. ಗ್ರೇಡ್ ಕಾರ್ಡಿನಲ್ಲಿ ಅದೇ ಎ, ಅತ್ತ ಗಣಿತ 67ಕ್ಕೇ ನಿಂತು ಬಿ ಪ್ಲಸ್.

ಆದರೆ ಗೆರೆಯ ಮೇಲೆಯೇ ನಿಂತ ವಿಷಯ ಇದ್ದರೆ ಅದನ್ನು ಕಾಯುವುದು ಮೊದಲು. ಮೂರನೆಯ ವಿಷಯದಲ್ಲಿ ಅಂದಾಜು ಒಟ್ಟು 72 ಇದೆ, ಪೇಪರಿನಲ್ಲಿ 6 ಅಂಕ ಜಾರಿದರೆ 69, ಅಲ್ಲಿಗೆ ಎ ಹೋಯಿತು. ಆದ್ದರಿಂದ ಅದನ್ನು ಪೂರ್ತಿ ಕೈಬಿಡುವಂತಿಲ್ಲ. ನಾನು ಯಾವ ಗುರಿಗೂ ಪೇಪರಿನ 6 ಅಂಕ ಮೇಲೆ ಸೇರಿಸಿಯೇ ಹೇಳುತ್ತೇನೆ: 66 ಬೇಕೆಂದು ಲೆಕ್ಕ ಬಂದರೆ ತಯಾರಿ 72ಕ್ಕೆ. ಒಂದು ಉಪಪ್ರಶ್ನೆ ಕೈಕೊಟ್ಟರೆ ತಡೆಯಲು ಇಷ್ಟಾದರೂ ಬೇಕು.

ಬೇರೆ ಸ್ಕೀಮಿನವರು ತಮ್ಮ ನಿಯಮ ನೋಡದೆ ಎರಡರಿಂದ ಗುಣಿಸಬಾರದು. 2018ರ ಸ್ಕೀಮಿನಲ್ಲಿ ಸಿಐಇ 40, ಎಸ್‌ಇಇ 60. ಪೇಪರು 100ಕ್ಕೇ ಇದ್ದುದರಿಂದ ಕೊರತೆಯನ್ನು 0.6ರಿಂದ ಭಾಗಿಸಬೇಕು. ಸಿಐಇ 31 ಇದ್ದು 70 ಬೇಕೆಂದರೆ 39 ಭಾಗಿಸು 0.6, ಅಂದರೆ 65. ಪದವಿ ಕೋರ್ಸುಗಳಲ್ಲಿ ಪೇಪರಿನ ಅಂಕವನ್ನು ಇಳಿಸದೆ ಹಾಗೆಯೇ ಕೂಡುವ ಕಡೆ ಗುಣಿಸುವುದೂ ಇಲ್ಲ, ಭಾಗಿಸುವುದೂ ಇಲ್ಲ, ಬರೇ ಕಳೆದರಾಯಿತು. ಗೋಗಟೆ, ಬಾಗಲಕೋಟೆಯ ಬಸವೇಶ್ವರದಂಥ ಸ್ವಾಯತ್ತ ಕಾಲೇಜುಗಳವರು ತಮ್ಮ ನಿಯಮ ಪುಸ್ತಿಕೆಯಲ್ಲಿ ಮೂರು ಸಂಖ್ಯೆ ಹುಡುಕಿಕೊಳ್ಳಬೇಕು: ಪೇಪರು ಎಷ್ಟಕ್ಕೆ, ಅದನ್ನು ಎಷ್ಟಕ್ಕೆ ಇಳಿಸುತ್ತಾರೆ, ಪೇಪರಿನಲ್ಲಿ ಪ್ರತ್ಯೇಕ ಕನಿಷ್ಠ ಎಷ್ಟು. ಗ್ರೇಡಿನ ಗೆರೆಗಳನ್ನು ತರಗತಿಯ ಸರಾಸರಿ ನೋಡಿ ಎಳೆಯುವ ಕಡೆ ಮಾತ್ರ ಈ ಲೆಕ್ಕ ನಡೆಯದು, ಅಲ್ಲಿ 80 ಎಂಬ ಗುರಿಯೇ ಫಲಿತಾಂಶದ ದಿನದವರೆಗೆ ಇರುವುದಿಲ್ಲ.